ಮಗುಚಿದ ಭಿಕ್ಷಾಪಾತ್ರೆ

"2007ರಲ್ಲಿ ಬರ್ಮಾದ ಭಿಕ್ಷುಗಳು ಸೇನೆಯವರಿಂದ ಭಿಕ್ಷೆ ಬೇಡ ಅಂದರಂತೆ. ಹಸಿವು ಭಿಕ್ಷುಗಳಿಗೇ ತಾನೆ, ಸೇನೆಯವರಿಗೇನು ನಷ್ಟ?"

ನಷ್ಟ ಪುಣ್ಯದ್ದು. ಭಿಕ್ಷು ತೆಗೆದುಕೊಂಡರೆ ತಾನೇ ಕೊಟ್ಟವರಿಗೆ ಪುಣ್ಯ? ಪಾತ್ರೆ ಮಗುಚಿದರೆ, ಅಂದರೆ ಭಿಕ್ಷೆ ಬೇಡ ಎಂದರೆ, ಆ ದಾರಿ ಮುಚ್ಚಿತು.

ಆದರೆ ಸಿಟ್ಟು ಬಂತೆಂದು ಒಬ್ಬ ಭಿಕ್ಷು ಸುಮ್ನೆ ಹೀಗೆ ಮಾಡುವಂತಿಲ್ಲ. ಭಿಕ್ಷುಗಳ ನಿಯಮಗಳಾದ ವಿನಯದ ಪ್ರಕಾರ ಭಿಕ್ಷುಸಂಘ ಕೂಡಿ ತೀರ್ಮಾನಿಸಬೇಕು. ಮೊದಲ ಪ್ರಕರಣ ಬುದ್ಧನ ಕಾಲದ್ದು, ಲಿಚ್ಛವಿ ಕುಲದ ವಡ್ಢ ಎಂಬ ಗೃಹಸ್ಥನದು. ತನ್ನ ಹೆಂಡತಿಯನ್ನು ದಬ್ಬ ಎಂಬ ಭಿಕ್ಷು ಕೆಡಿಸಿದ ಎಂದು ಅವನು ಸುಳ್ಳು ದೂರು ಕೊಟ್ಟಿದ್ದ. ಸಂಘ ಪಾತ್ರೆ ಮಗುಚಿದೆ ಎಂದು ಬುದ್ಧನ ಶಿಷ್ಯ ಆನಂದ ಬಂದು ಹೇಳಿದಾಗ ವಡ್ಢ ಅಲ್ಲೇ ಮೂರ್ಛೆ ಹೋದ! ಆಮೇಲೆ ತಪ್ಪೊಪ್ಪಿಕೊಂಡ, ಸಂಘ ಪಾತ್ರೆಯನ್ನು ಮತ್ತೆ ನೆಟ್ಟಗೆ ಮಾಡಿತು.

ಬರ್ಮಾದಲ್ಲೂ ಅಷ್ಟೆ. ಪಖೊಕ್ಕು ಪಟ್ಟಣದಲ್ಲಿ ಭಿಕ್ಷುಗಳಿಗೆ ಹೊಡೆದದ್ದಕ್ಕೆ ಸೆಪ್ಟೆಂಬರ್ 17ರೊಳಗೆ ಕ್ಷಮೆ ಕೇಳಿ ಎಂದಿದ್ದರು. ಸೇನೆ ಕೇಳಲಿಲ್ಲ. ಆಮೇಲೇ ಪಾತ್ರೆ ಮಗುಚಿದ್ದು.