ಪೊರೆ ಆಪರೇಷನ್ ಆದ ಮೇಲೆ 6-5-4-3-2-1 ಹನಿ: ಕಣ್ಣು ಚೆನ್ನಾಗಿ ಕಂಡರೂ ಹಾಕಬೇಕಾ?

ಪ್ರಶ್ನೆ: ಅಮ್ಮನಿಗೆ ಬಲಗಣ್ಣಿನ ಪೊರೆ ಆಪರೇಷನ್ ಆಗಿ ನಾಲ್ಕು ದಿನ ಆಯ್ತು. ಚೀಟಿಯಲ್ಲಿ ಒಂದು ಹನಿಗೆ 6-5-4-3-2-1 ಅಂತ, ಇನ್ನೊಂದಕ್ಕೆ ದಿನಕ್ಕೆ 4 ಸಲ ಅಂತ ಬರೆದಿದ್ದಾರೆ. ಈಗಲೇ ಚೆನ್ನಾಗಿ ಕಾಣ್ತಿದೆ ಅಂತಾರೆ, ಅಷ್ಟು ದಿನ ಹಾಕಲೇಬೇಕಾ? ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ, ಮನೇಲಿ ರೇಷ್ಮೆ ಹುಳ ಇದೆ, ಅಮ್ಮ ಸುಮ್ನೆ ಕೂರೋರಲ್ಲ. ಯಾವಾಗ ಗಾಬರಿ ಆಗಬೇಕು?

ಉತ್ತರ: ಹಾಕಲೇಬೇಕು. ನಾನು ಕೋಲಾರದ ಕಡೆ ಕಣ್ಣಿನ ವಾರ್ಡಿನಲ್ಲಿ ನರ್ಸ್. ಆಪರೇಷನ್ ಆದವರನ್ನು ಮನೆಗೆ ಕಳಿಸುವಾಗ ಚೀಟಿ ಓದಿ ಹೇಳುವುದು ನನ್ನ ಕೆಲಸ. ಜನ ಎಡವುವುದು ನೀವು ಕೇಳಿದ ಆ ಆರು ಅಂಕಿಯ ಸಾಲಿನಲ್ಲೇ.

ಕಣ್ಣು ಕಾಣುವುದಕ್ಕೂ ಗಾಯ ಮಾಯುವುದಕ್ಕೂ ಸಂಬಂಧವಿಲ್ಲ. ಮಂಜಾದ ಮಸೂರ ತೆಗೆದು ಲೆನ್ಸ್ ಕೂರಿಸಿದ ಮೇಲೆ ಮಾರನೇ ದಿನವೇ ಬೆಳಕು ಬರುತ್ತದೆ. ಆದರೆ ಕಣ್ಣಿನೊಳಗೆ ಆದ ಉರಿಯೂತ ಇಳಿಯಲು ವಾರಗಟ್ಟಲೆ ಬೇಕು. ಅದನ್ನು ಇಳಿಸುವುದು 6-5-4-3-2-1 ಅಂತ ಬರೆದ ಸ್ಟೆರಾಯ್ಡ್ ಹನಿ. ಸಾಮಾನ್ಯವಾಗಿ ಪ್ರೆಡ್ನಿಸೋಲೋನ್ ಇರುತ್ತದೆ, ಹಾಲಿನ ಹಾಗೆ ಬೆಳ್ಳಗಿರುತ್ತದೆ. ಮೊದಲ ವಾರ ದಿನಕ್ಕೆ ಆರು ಸಲ, ಎರಡನೇ ವಾರ ಐದು, ಹೀಗೆ ಆರನೇ ವಾರಕ್ಕೆ ಒಂದೇ ಸಲ. ಇದನ್ನು ಒಮ್ಮೆಗೇ ನಿಲ್ಲಿಸಿದರೆ ಅಡಗಿದ್ದ ಉರಿಯೂತ ಮತ್ತೆ ಏಳುತ್ತದೆ. ದಿನಕ್ಕೆ 4 ಸಲ ಅಂತ ಬರೆದದ್ದು ಬಹುಶಃ ಆಂಟಿಬಯೋಟಿಕ್, ಮಾಕ್ಸಿಫ್ಲಾಕ್ಸಸಿನ್ ತರಹದ್ದು. ಅದು ಸೋಂಕು ಬಾರದಿರಲಿ ಅಂತ. ಅದನ್ನು ಮೆಲ್ಲಮೆಲ್ಲಗೆ ಇಳಿಸುವುದಿಲ್ಲ, ಚೀಟಿಯಲ್ಲಿ ಹೇಳಿದಷ್ಟು ದಿನ ನಾಲ್ಕು ಸಲವೇ ಹಾಕಿ ನಿಲ್ಲಿಸುತ್ತಾರೆ. ಎರಡರ ಲೆಕ್ಕ ಬೇರೆ ಬೇರೆ, ಬೆರೆಸಿಕೊಳ್ಳಬೇಡಿ. ಕೆಲವರಿಗೆ 4-3-2-1 ಅಂತ ನಾಲ್ಕೇ ವಾರ ಕೊಡುತ್ತಾರೆ, ಕೆಲವರಿಗೆ ಎರಡೂ ಔಷಧಿ ಒಂದೇ ಬಾಟಲಿಯಲ್ಲಿ. ಪಕ್ಕದ ಮನೆಯವರ ಚೀಟಿಯಲ್ಲಿ ಏನಿದೆ ಅನ್ನುವುದು ನಿಮಗೆ ಬೇಡ.

ಈಗ ಒಂದು ಲೆಕ್ಕ ಮಾಡಿ. 6, 5, 4, 3, 2, 1 ಕೂಡಿದರೆ 21, ವಾರಕ್ಕೆ ಏಳು ದಿನ, ಒಟ್ಟು 147 ಹನಿ. 5 ಎಂಎಲ್ ಬಾಟಲಿಯಲ್ಲಿ ಬರುವುದು ಸುಮಾರು ನೂರು ಹನಿ. ಒಂದೂ ಕೆನ್ನೆಗೆ ಹರಿಯದಿದ್ದರೂ ಮೂರನೇ ವಾರದ ಕೊನೆಗೆ ಬಾಟಲಿ ಖಾಲಿ. ಮನೆಯಲ್ಲಿ ಹಾಕುವಾಗ ಒಂದೆರಡು ಹೊರಗೆ ಬಿದ್ದೇ ಬೀಳುತ್ತದೆ, ಹಾಗಾಗಿ ಅದಕ್ಕೂ ಮೊದಲೇ ಮುಗಿಯಬಹುದು. "ಔಷಧಿ ಮುಗೀತು, ಕಣ್ಣೂ ಚೆನ್ನಾಗಿದೆ" ಅಂತ ಜನ ನಿಲ್ಲಿಸುವುದು ಅಲ್ಲೇ. ಚೀಟಿಯ ಪ್ರಕಾರ ಆಗ ಇನ್ನೂ ಅರ್ಧ ದಾರಿ ಬಾಕಿ. ಎರಡನೇ ಬಾಟಲಿಯನ್ನು ಮೂರನೇ ವಾರದ ಶುರುವಿನಲ್ಲೇ ತಂದಿಡಿ. ಹೇಗಿದ್ದರೂ ತೆರೆದ ಬಾಟಲಿಯನ್ನು ಒಂದು ತಿಂಗಳ ಮೇಲೆ ಬಳಸಬಾರದು, ಮುಚ್ಚಳ ತೆಗೆದ ತಾರೀಖನ್ನು ಪೆನ್ನಿನಲ್ಲಿ ಅದರ ಮೇಲೆ ಬರೆದಿಡಿ.

ಹಾಗೆ ನಿಲ್ಲಿಸಿದವರು ಹೇಗೆ ವಾಪಸ್ ಬರುತ್ತಾರೆ ಅಂತ ಹೇಳುತ್ತೇನೆ. ಮುಳಬಾಗಿಲು ಕಡೆಯ ಒಬ್ಬ ಅಜ್ಜಿ, ಆಪರೇಷನ್ ಚೆನ್ನಾಗಿ ಆಗಿತ್ತು. ಬಾಟಲಿ ಖಾಲಿಯಾದ ಮೇಲೆ ಒಂದು ವಾರ ಏನೂ ಹಾಕಿಲ್ಲ. ಕಣ್ಣಿಗೆ ಸೆರಗು ಅಡ್ಡ ಹಿಡಿದುಕೊಂಡೇ ಒಳಗೆ ಬಂದರು, ಬಿಸಿಲು ಚುಚ್ಚುತ್ತದೆ ಅಂದರು. ಕರಿಗುಡ್ಡೆಯ ಸುತ್ತ ಕೆಂಪು ಬಳೆಯಂತೆ ಕಟ್ಟಿತ್ತು. ಪಿಸುರು ಇಲ್ಲ, ರೆಪ್ಪೆ ಊದಿಲ್ಲ. ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿ ಉರಿಯೂತ ಮರಳಿದೆ ಅಂದರು, ಅದೇ ಹನಿಯನ್ನು ಗಂಟೆಗೊಂದರಂತೆ ಶುರು ಮಾಡಿ ಮತ್ತೆ ಮೊದಲಿನಿಂದ ಇಳಿಸಿಕೊಂಡು ಬಂದರು. ಕಣ್ಣು ಉಳಿಯಿತು, ಆದರೆ ಆರು ವಾರದ ಕೆಲಸ ಮೂರು ತಿಂಗಳ ಹತ್ತಿರ ಹೋಯಿತು.

ಇದರ ಉಲ್ಟಾ ಕೂಡ ಅಷ್ಟೇ ಕೆಟ್ಟದ್ದು. ಹನಿ ಹಾಕಿದರೆ ತಂಪಾಗಿರುತ್ತದೆ ಅಂತ ಆರು ವಾರ ಕಳೆದ ಮೇಲೂ ಮೆಡಿಕಲ್ ಸ್ಟೋರಿನಿಂದ ತಂದು ಹಾಕಿಕೊಳ್ಳುತ್ತಾರೆ. ಸ್ಟೆರಾಯ್ಡ್ ಹನಿಯಿಂದ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ನೋವೇ ಇರುವುದಿಲ್ಲ, ನರ ಮಾತ್ರ ಹಾಳಾಗುತ್ತಾ ಹೋಗುತ್ತದೆ. ನಡುವೆ ಒಂದು ದಿನ ಆಸ್ಪತ್ರೆಗೆ ಬನ್ನಿ ಅನ್ನುವುದು ಈ ಒತ್ತಡ ನೋಡುವುದಕ್ಕೂ ಹೌದು. ಆ ದಿನ ತಪ್ಪಿಸಬೇಡಿ.

ಹಾಕುವ ಕ್ರಮ. ಕೈ ಸೋಪಿನಲ್ಲಿ ತೊಳೆಯಿರಿ. ಬೆಳ್ಳಗಿನ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ, ಇಲ್ಲದಿದ್ದರೆ ಔಷಧಿ ತಳದಲ್ಲೇ ಕೂತು ಬರೀ ನೀರು ಬೀಳುತ್ತದೆ. ಅಮ್ಮನನ್ನು ಮಲಗಿಸಿ ಸೂರು ನೋಡಲು ಹೇಳಿ. ಕೆಳರೆಪ್ಪೆಯನ್ನು ಕೆನ್ನೆಯ ಮೂಳೆಯ ಕಡೆ ಎಳೆಯಿರಿ, ಗುಡ್ಡೆಯನ್ನು ಒತ್ತಬೇಡಿ. ಆಗ ಆಗುವ ಜೋಳಿಗೆಯಲ್ಲಿ ಒಂದೇ ಹನಿ ಬಿಡಿ, ಎರಡು ಹಾಕಿದರೆ ಒಂದು ಹೊರಗೇ ಹರಿಯುತ್ತದೆ. ಬಾಟಲಿಯ ಮೂತಿ ರೆಪ್ಪೆಗಾಗಲಿ ಕೂದಲಿಗಾಗಲಿ ತಾಗಬಾರದು. ಕಣ್ಣು ಮೆಲ್ಲಗೆ ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಹಗುರವಾಗಿ ಒಂದು ನಿಮಿಷ ಅದುಮಿ ಹಿಡಿಯಿರಿ, ಔಷಧಿ ಗಂಟಲಿಗೆ ಇಳಿಯುವುದು ತಪ್ಪುತ್ತದೆ. ಎರಡನೇ ಬಾಟಲಿ ಐದು ನಿಮಿಷ ಬಿಟ್ಟು. ಅಮ್ಮನಿಗೆ ಓದು ಬಾರದಿದ್ದರೆ ಒಂದು ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಮುಟ್ಟಿದರೇ ಗೊತ್ತಾಗುತ್ತದೆ. ಒಂದು ಸಲ ಮರೆತರೆ ನೆನಪಾದಾಗ ಹಾಕಿ, ಸೇರಿಸಿ ಎರಡು ಹಾಕುವುದು ಬೇಡ.

ಇನ್ನು ಕಾಪಾಡಿಕೊಳ್ಳುವುದು. ಈ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಹೊಲಿಗೆ ಇರುವುದಿಲ್ಲ. ಮಷೀನಿನಿಂದ ಪೊರೆ ಒಡೆದು ತೆಗೆಯುವ ಫೇಕೋ ಆದರೆ ಗಾಯ ಎರಡು ಮೂರು ಮಿಲಿಮೀಟರ್, ಕ್ಯಾಂಪ್‌ಗಳಲ್ಲಿ ಹೆಚ್ಚಾಗಿ ಮಾಡುವ ಇನ್ನೊಂದು ಬಗೆಯಲ್ಲಿ ಆರು ಮಿಲಿಮೀಟರ್ ಆಸುಪಾಸು. ಅದು ಕಣ್ಣಿನ ಒಳ ಒತ್ತಡದಿಂದಲೇ ಬಾಗಿಲಿನ ಹಾಗೆ ಮುಚ್ಚಿಕೊಂಡಿರುತ್ತದೆ. ಉಜ್ಜಿದರೆ ಆ ಬಾಗಿಲು ತೆರೆದು ಹೊರಗಿನ ನೀರು, ಕೊಳೆ ಒಳಗೆ ಹೋಗಬಹುದು. ರಾತ್ರಿ ನಿದ್ದೆಯಲ್ಲಿ ಕೈ ತಾನಾಗಿ ಕಣ್ಣಿಗೆ ಹೋಗುತ್ತದಲ್ಲ, ಅದಕ್ಕೇ ಪ್ಲಾಸ್ಟಿಕ್ ಶೀಲ್ಡ್ ಅಂಟಿಸಿ ಮಲಗಿ ಅನ್ನುವುದು. ಒಂದೆರಡು ವಾರ ಅದು ಬೇಕೇ ಬೇಕು, ಆಪರೇಷನ್ ಆದ ಕಣ್ಣಿನ ಕಡೆ ಮಗ್ಗುಲಾಗುವುದೂ ಬೇಡ. ತಲೆಸ್ನಾನ ಡಾಕ್ಟರು ಹೇಳುವವರೆಗೆ, ಅಂದರೆ ಸುಮಾರು ಎರಡು ವಾರ, ಬೇಡ. ಕುತ್ತಿಗೆಯ ಕೆಳಗೆ ದಿನಾ ಸ್ನಾನ ಮಾಡಲಿ. ಕಣ್ಣಿನ ಸುತ್ತ ಅಂಟಿದ್ದನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುದ್ಧ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ. ಹರಳೆಣ್ಣೆ, ಜೇನು, ಕಾಡಿಗೆ ಯಾವುದೂ ಹತ್ತಿರ ಬರಬಾರದು.

ಊಟದಲ್ಲಿ ಪಥ್ಯವೇನೂ ಇಲ್ಲ. ಬದನೆಕಾಯಿ ನಂಜು, ಮೊಟ್ಟೆ ನಂಜು ಅಂತ ವಯಸ್ಸಾದವರನ್ನು ಗಂಜಿಯಲ್ಲಿ ಇಡುತ್ತಾರೆ, ಸುಮ್ಮನೆ ಸೊರಗಿಸುವುದಷ್ಟೇ. ಮುದ್ದೆ, ಸಾರು, ಸೊಪ್ಪು ಎಲ್ಲ ತಿನ್ನಲಿ. ಮಲಬದ್ಧತೆ ಆಗಿ ತಿಣುಕುವ ಹಾಗೆ ಆಗದಿದ್ದರೆ ಸಾಕು. ಟಿವಿ ನೋಡಲೂ ಅಡ್ಡಿಯಿಲ್ಲ.

ಹುಳದ ಮನೆ ಮಾತ್ರ ಬೇರೆ. ಚರ್ಮ ಕಳಚಲು ಜ್ವರಕ್ಕೆ ಕೂತ ಹುಳದ ಹಾಸಿಗೆಗೆ ಸುಣ್ಣದ ಪುಡಿ ಎರಚುತ್ತೀರಿ, ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತೀರಿ. ಎರಡೂ ಕಣ್ಣು ಸುಡುವಂಥವು, ಗಾಯ ಮಾಯದ ಕಣ್ಣಿಗಂತೂ ಬೇಡವೇ ಬೇಡ. ಅಮ್ಮ ನಾಲ್ಕು ವಾರವಾದರೂ ಒಳಗೆ ಕಾಲಿಡದಿರಲಿ, ಆಮೇಲೂ ಡಾಕ್ಟರನ್ನು ಕೇಳಿಯೇ. ಈ ಒಂದು ಬೆಳೆಗೆ ಸುಣ್ಣ ಎರಚುವುದು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವುದು ಮನೆಯ ಬೇರೆಯವರ ಪಾಲಿಗೆ ಇರಲಿ. ಅಕಸ್ಮಾತ್ ಸುಣ್ಣ ಕಣ್ಣಿಗೆ ಬಿದ್ದರೆ ಮಾತ್ರ "ನೀರು ತಾಗಿಸಬಾರದು" ಅನ್ನುವ ನಿಯಮ ಮರೆತುಬಿಡಿ. ತಕ್ಷಣ ಕುಡಿಯುವ ನೀರನ್ನು ಧಾರಾಳವಾಗಿ ಸುರಿಯುತ್ತಾ ಹದಿನೈದು ಇಪ್ಪತ್ತು ನಿಮಿಷ ತೊಳೆದು, ನೇರ ಆಸ್ಪತ್ರೆಗೆ. ಹಸು ಕರೆಯುವುದನ್ನೂ ಬಿಡಿಸಿ. ಬಾಲದ ಏಟು ಸರಿಯಾಗಿ ಕಣ್ಣಿಗೇ ಬೀಳುತ್ತದೆ. ಸೌದೆ ಒಲೆಯಾದರೆ ಹೊಗೆಯ ಮುಂದೆ ಕೂರುವುದು ಬೇಡ. ಬಿಂದಿಗೆ, ಗೊಬ್ಬರದ ಮಂಕರಿ, ಮೊಮ್ಮಕ್ಕಳನ್ನು ಎತ್ತುವುದೂ ಬೇಡ. ಕಾಯಿ ಸೋಸುವುದು, ಅಂಗಳದಲ್ಲಿ ನಡೆದಾಡುವುದು ಇವಕ್ಕೆ ಅಡ್ಡಿಯಿಲ್ಲ. ಹೊರಗೆ ಹೋದಾಗ ಕಪ್ಪು ಕನ್ನಡಕ ಇರಲಿ.

ಯಾವಾಗ ಗಾಬರಿ ಆಗಬೇಕು ಅಂತ ಕೇಳಿದ್ದೀರಿ. ಮೊದಲ ಕೆಲವು ದಿನ ಮರಳು ಚುಚ್ಚಿದ ಹಾಗೆ ಆಗುವುದು, ನೀರು ಸುರಿಯುವುದು, ಬಿಳಿಭಾಗದಲ್ಲಿ ರಕ್ತದ ಕಲೆ, ಬೆಳಕು ಹೆಚ್ಚು ಅನ್ನಿಸುವುದು ಎಲ್ಲ ಇರುತ್ತದೆ, ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಇವತ್ತು ನಿನ್ನೆಗಿಂತ ಕೆಟ್ಟಿದ್ದರೆ ಅದೇ ಅಪಾಯ. ಇದನ್ನು ಅಂದಾಜಿನಲ್ಲಿ ಹೇಳಬೇಡಿ. ದಿನಾ ಬೆಳಿಗ್ಗೆ ಅಮ್ಮನನ್ನು ಒಂದೇ ಜಾಗದಲ್ಲಿ ಕೂರಿಸಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ತಾರೀಖಿನ ಅಂಕಿ ಓದಿಸಿ. ಓದು ಬಾರದಿದ್ದರೆ ಅದರ ಮೇಲಿನ ದೇವರ ಚಿತ್ರ ಸ್ಪಷ್ಟವಾಗಿದೆಯಾ ಕೇಳಿ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆ ಕಣ್ಣು ಕೆಟ್ಟ ಕಣ್ಣನ್ನು ಮುಚ್ಚಿಡುತ್ತದೆ.

ನಿನ್ನೆ ಓದಿದ ಅಂಕಿ ಇವತ್ತು ಮಸುಕಾದರೆ, ನೋವು ಅಥವಾ ಕೆಂಪು ಹೆಚ್ಚಾದರೆ, ರೆಪ್ಪೆ ಊದಿದರೆ, ಕೀವು ಬಂದರೆ ಅದು ಕಣ್ಣಿನೊಳಗಿನ ಸೋಂಕಿರಬಹುದು. ಹೆಚ್ಚಾಗಿ ಮೊದಲ ವಾರ ಹತ್ತು ದಿನದಲ್ಲೇ ಬರುತ್ತದೆ, ಅಂದರೆ ನೀವೀಗ ಇರುವ ದಿನಗಳಲ್ಲೇ. ಕೆಲವರಿಗೆ ನೋವೇ ಇಲ್ಲದೆ ದೃಷ್ಟಿ ಮಾತ್ರ ಇಳಿಯುತ್ತದೆ. ಆಗ ಕಣ್ಣಿನೊಳಕ್ಕೇ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಬೇಕು, ತಡವಾದಷ್ಟೂ ಕಣ್ಣು ಉಳಿಯುವ ಆಸೆ ಕಡಿಮೆ. ಬೆಳಿಗ್ಗೆ ನೋಡೋಣ, ಸೋಮವಾರ ಹೋಗೋಣ ಅನ್ನಬೇಡಿ, ಹನಿ ಹೆಚ್ಚು ಹಾಕಿ ಕಾಯಬೇಡಿ. ಕಣ್ಣುನೋವಿನ ಜೊತೆ ತಲೆನೋವು, ವಾಂತಿ ಬಂದರೆ ಒತ್ತಡ ಏರಿರಬಹುದು. ಮಿಂಚು ಹೊಡೆದ ಹಾಗೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳ ಮಳೆ, ಒಂದು ಕಡೆಯಿಂದ ಪರದೆ ಇಳಿದ ಹಾಗೆ ಆದರೆ ಅದು ಕಣ್ಣಿನ ಹಿಂಭಾಗದ ಅಕ್ಷಿಪಟಲದ ತೊಂದರೆ ಇರಬಹುದು, ತಿಂಗಳುಗಳ ಮೇಲೂ ಆಗಬಹುದು. ಇವೆಲ್ಲಕ್ಕೂ ಅದೇ ದಿನ ಹೋಗಬೇಕು. ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ. ಅಲ್ಲಿ ಯಾರೂ ಸಿಗದಿದ್ದರೆ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಹೊರಡಿ. ಡಿಸ್ಚಾರ್ಜ್ ಚೀಟಿ, ಹಾಕುತ್ತಿರುವ ಎರಡೂ ಬಾಟಲಿ, ಸಕ್ಕರೆ ಕಾಯಿಲೆ ಇದ್ದರೆ ಅದರ ಮಾತ್ರೆ ಜೊತೆಗಿರಲಿ.

ಕನ್ನಡಕದ ನಂಬರಿಗೆ ಈಗಲೇ ಅಂಗಡಿಗೆ ಕರೆದುಕೊಂಡು ಹೋಗಬೇಡಿ. ಗಾಯ ಮಾಯುವವರೆಗೆ ನಂಬರ್ ನಿಲ್ಲುವುದಿಲ್ಲ. ನಾಲ್ಕರಿಂದ ಆರು ವಾರ ಕಳೆದ ಮೇಲೆ ಡಾಕ್ಟರು ಬರೆದುಕೊಟ್ಟಾಗ ಮಾಡಿಸಿ.