ಮಧ್ಯಾಹ್ನ ಎರಡಕ್ಕೆ ನಿಮ್ಮ ನೆಟ್ ಹೇಗಿರುತ್ತೆ?

ಸಾರ್, 100 ಎಂಬಿಪಿಎಸ್ ಪ್ಲಾನ್ ಇದೆ. ದಿನಾ ನೆಟ್ ಎಳೀತದೆ. ನೆಟ್ ಕಂಪನಿ ಹುಡುಗ ಬಂದು ಟೆಸ್ಟ್ ಮಾಡಿದ್ರೆ 94 ತೋರಿಸುತ್ತೆ, "ಎಲ್ಲಾ ಸರಿ ಇದೆ" ಅಂತ ಹೋಗ್ತಾನೆ. ಏನು ಮಾಡಲಿ? – ಬಳ್ಳಾರಿ

ವಾರಕ್ಕೆ ನಾಲ್ಕು ಸಲ ಇದೇ ಪ್ರಶ್ನೆ ಬರುತ್ತದೆ. ಹುಡುಗ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾನೆ. ಅವನ ಟೆಸ್ಟ್ ಆ ಹನ್ನೊಂದು ಗಂಟೆಯ ಲೆಕ್ಕ ಮಾತ್ರ. ನಿಮಗೆ ಬೇಕಾಗಿರುವುದು ಒಂದು ವಾರದ ಲೆಕ್ಕ.

ಹಳೆಯ ಲಿನಕ್ಸ್ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಇದ್ದರೆ ಸಾಕು. ವೈಫೈ ಬೇಡ, ಕೇಬಲ್‌ನಿಂದಲೇ ರೌಟರ್‌ಗೆ ಸೇರಿಸಿ. ಊಕ್ಲಾದ `speedtest` ಹಾಕಿ, ಒಮ್ಮೆ ಕೈಯಿಂದ ಓಡಿಸಿ ಷರತ್ತು ಒಪ್ಪಿಕೊಳ್ಳಿ. `speedtest -L` ಕೊಟ್ಟರೆ ಹತ್ತಿರದ ಸರ್ವರ್‌ಗಳ ಪಟ್ಟಿ ಬರುತ್ತದೆ. ಒಂದನ್ನು ಹಿಡಿದು ಅದನ್ನೇ ಬಳಸಿ. ಸರ್ವರ್ ಬದಲಾದರೆ ಸಾಲುಗಳನ್ನು ಒಂದಕ್ಕೊಂದು ಹೋಲಿಸಲು ಆಗುವುದಿಲ್ಲ. ಆಮೇಲೆ `crontab -e` ತೆರೆದು, 12345 ಜಾಗದಲ್ಲಿ ಆ ಸರ್ವರ್ ನಂಬರ್ ಹಾಕಿ:

```
7,37 * * * * (date -Is; /usr/bin/speedtest -s 12345 -f csv) >> $HOME/log.txt 2>&1
```

ಅರ್ಧ ಗಂಟೆಗೊಂದರಂತೆ ವಾರಕ್ಕೆ 336 ಟೆಸ್ಟ್. ಕೊನೆಯ `2>&1` ಬಿಡಬೇಡಿ. ಅದಿಲ್ಲದಿದ್ದರೆ ನೆಟ್ ಪೂರ್ತಿ ಹೋದ ಹೊತ್ತಿನ ಎರರ್ ಫೈಲಿಗೆ ಬರುವುದಿಲ್ಲ. ನಮಗೆ ಬೇಕಾಗಿರುವುದೇ ಅದು, ಅಲ್ವಾ? ಫೈಲ್‌ನಲ್ಲಿ ಡೌನ್‌ಲೋಡ್ ಸೆಕೆಂಡಿಗೆ ಇಷ್ಟು ಬೈಟ್ ಅಂತ ಇರುತ್ತದೆ. 1,25,00,000 ಅಂದರೆ 100 ಎಂಬಿಪಿಎಸ್.

ವಾರದ ನಂತರ ಸಾಲುಗಳನ್ನು ತಾರೀಖಿನ ಪ್ರಕಾರ ಅಲ್ಲ, ಗಂಟೆಯ ಪ್ರಕಾರ ಜೋಡಿಸಿ. ಸರಾಸರಿ ತೆಗೆಯಬೇಡಿ, ಸರಾಸರಿಯಲ್ಲಿ ರೋಗ ಮುಚ್ಚಿಹೋಗುತ್ತದೆ.

ಸಿಂಧನೂರಿನ ಒಂದು ರೈಸ್ ಮಿಲ್ ಆಫೀಸಿನಲ್ಲಿ ಮೇ ತಿಂಗಳಲ್ಲಿ ಹೀಗೇ ಮಾಡಿದೆವು. ಸಂಜೆ ರಶ್ ಇರಬೇಕು ಅಂತ ನಾನೇ ಅಂದುಕೊಂಡಿದ್ದೆ. ರಾತ್ರಿ ಒಂಬತ್ತಕ್ಕೂ 90ರ ಮೇಲಿತ್ತು. ಬಿದ್ದದ್ದು ಮಧ್ಯಾಹ್ನ ಒಂದರಿಂದ ನಾಲ್ಕು: 12, 9, ಎರರ್, 15. ಮಿಲ್ ಮುಚ್ಚಿದ್ದ ಭಾನುವಾರವೂ ಅಷ್ಟೇ, ಹಾಗಾಗಿ ಆಫೀಸಿನವರ ಬಳಕೆ ಕಾರಣವಲ್ಲ. ಮೋಡ ಕವಿದಿದ್ದ ಗುರುವಾರ ಮಾತ್ರ ಬೀಳಲೇ ಇಲ್ಲ. ಮಾಳಿಗೆ ಹತ್ತಿ ನೋಡಿದರೆ ನೆಟ್ ಕಂಪನಿಯ ನೆಟ್‌ವರ್ಕ್ ಸ್ವಿಚ್ಚು ಬಿಸಿಲಲ್ಲಿ ಕಾದ ತಗಡಿನ ಡಬ್ಬಿಯೊಳಗಿತ್ತು, ಮುಟ್ಟಲು ಆಗುತ್ತಿರಲಿಲ್ಲ. ಕಂಪನಿಯವರನ್ನು ಕರೆಸಿ ಅದನ್ನು ಮೆಟ್ಟಿಲ ಕೆಳಗೆ ಹಾಕಿಸಿದೆವು. ಮತ್ತೊಂದು ವಾರ ಲಾಗ್ ತೆಗೆದೆವು, ಮಧ್ಯಾಹ್ನವೂ 90 ದಾಟಿತು.

ನಿಮ್ಮಲ್ಲಿ ದಿನಾ ರಾತ್ರಿ ಎಂಟರಿಂದ ಹನ್ನೊಂದಕ್ಕೆ ಬಿದ್ದು, ಲೇಟೆನ್ಸಿ ಏರಿದರೆ ಅದು ಬಹುತೇಕ ಕಂಪನಿ ಕಡೆಯ ರಶ್. ಆಗ ರೌಟರ್ ಬದಲಿಸಿ ಸುಮ್ನೆ ದುಡ್ಡು ಕಳೆಯಬೇಡಿ, ಲಾಗ್ ತೋರಿಸಿ. ಹೊತ್ತುಗೊತ್ತಿಲ್ಲದೆ ಬೀಳುತ್ತಿದ್ದರೆ ಮೊದಲು ಕೇಬಲ್, ಕನೆಕ್ಟರ್ ನೋಡಿಸಿ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇದನ್ನು ಓಡಿಸಬಹುದಾ? – ಕೊಪ್ಪಳ

ಬೇಡ. 100ರ ವೇಗದಲ್ಲಿ ಒಂದು ಟೆಸ್ಟೇ ಸುಮಾರು 200 ಎಂಬಿ ತಿನ್ನುತ್ತದೆ, ಡೇಟಾ ಮಧ್ಯಾಹ್ನದೊಳಗೆ ಖಾಲಿ.

ಸ್ಪೀಡ್ ಬೂಸ್ಟರ್ ಆಪ್ ಹಾಕಿದರೆ? – ರಾಯಚೂರು

ಅದು ಮೋಸ. ಈಗಲೇ ತೆಗೆದುಹಾಕಿ.