ನಿದ್ದೆಯ ಅಲೆ ದೊಡ್ಡದೇಕೆ, ಎಚ್ಚರದ ಅಲೆ ಚಿಕ್ಕದೇಕೆ?

ಪ್ರಶ್ನೆ: ನಿದ್ದೆಯಲ್ಲಿ ಮೆದುಳು ಸುಮ್ಮನಿರುತ್ತದೆ ಎನ್ನುತ್ತಾರೆ. ಆದರೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಗಾಢ ನಿದ್ದೆಯ ಅಲೆಗಳೇ ದೊಡ್ಡದಾಗಿವೆ. ಇದು ಹೇಗೆ? ಇಇಜಿ ನೋಡಿ ಒಬ್ಬರಿಗೆ ಪ್ರಜ್ಞೆ ಇದೆಯೋ ಇಲ್ಲವೋ ಎಂದು ಹೇಳಬಹುದೇ?

ಅಲೆಯ ಎತ್ತರಕ್ಕೂ ಮೆದುಳಿನ ಕೆಲಸದ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ನೆತ್ತಿಯ ಮೇಲೆ ಅಂಟಿಸಿದ ಒಂದು ಎಲೆಕ್ಟ್ರೋಡ್ ತನ್ನ ಕೆಳಗಿರುವ ಅಸಂಖ್ಯ ನರಕೋಶಗಳ ವಿದ್ಯುತ್ತಿನ ಒಟ್ಟು ಮೊತ್ತವನ್ನು ಮಾತ್ರ ಕಾಣುತ್ತದೆ. ಎಚ್ಚರವಿರುವಾಗ ಆ ಕೋಶಗಳು ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುತ್ತವೆ. ಒಂದು ಏರುವಾಗ ಇನ್ನೊಂದು ಇಳಿದು, ಮೊತ್ತದಲ್ಲಿ ಪರಸ್ಪರ ಅಳಿಸಿಹೋಗುತ್ತವೆ. ಗಾಢ ನಿದ್ದೆಯಲ್ಲಿ ಅವು ಒಟ್ಟಾಗಿ ಏರಿ ಒಟ್ಟಾಗಿ ಇಳಿಯುತ್ತವೆ, ಹಾಗಾಗಿ ಮೊತ್ತ ದೊಡ್ಡದಾಗುತ್ತದೆ.

ನಾನು ಇಇಜಿ ತೆಗೆಯುವ ಕೆಲಸದಲ್ಲಿದ್ದೇನೆ. ಈ ಬದಲಾವಣೆಯನ್ನು ಪರದೆಯ ಮೇಲೆ ನೋಡುವುದು ಇಂದಿಗೂ ನನಗೆ ಇಷ್ಟ. ಮಲಗಿದವರು ಎಚ್ಚರವಾಗಿದ್ದು ಕಣ್ಣು ಮುಚ್ಚಿಕೊಂಡಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಬರುವ ಆಲ್ಫಾ ಅಲೆ ಮೂಡುತ್ತದೆ. "ಕಣ್ಣು ತೆರೆಯಿರಿ" ಎಂದೊಡನೆ ಅದು ಮಾಯವಾಗುತ್ತದೆ. ಜೊಂಪು ಹತ್ತಿದಾಗ ಆಲ್ಫಾ ಚೂರುಚೂರಾಗುತ್ತದೆ. ಆಮೇಲೆ ಕದಿರಿನಂತೆ ನಡುವೆ ಉಬ್ಬಿ ಎರಡೂ ತುದಿಗಳಲ್ಲಿ ಸಣ್ಣಗಾಗುವ ಅಲೆಗಳ ಗೊಂಚಲುಗಳು ಬರುತ್ತವೆ, ಇವೇ ಸ್ಪಿಂಡಲ್‌ಗಳು. ಗಾಢ ನಿದ್ದೆಯಲ್ಲಿ ಸೆಕೆಂಡಿಗೆ ಎರಡೋ ಒಂದೋ ಬಾರಿ ಬರುವ, 75 ಮೈಕ್ರೋವೋಲ್ಟ್ ಮೀರಿದ ಅಲೆಗಳು ಪರದೆಯನ್ನು ತುಂಬುತ್ತವೆ.

ಇದರ ಹಿಂದೆ ಮೆದುಳುಕಾಂಡ ಮತ್ತು ಮೆದುಳಿನ ಆಳದಲ್ಲಿರುವ ಥಲಾಮಸ್ ನಡುವಿನ ಒಂದು ವ್ಯವಹಾರವಿದೆ. ಮೆದುಳುಕಾಂಡದ ರೆಟಿಕ್ಯುಲರ್ ಆಕ್ಟಿವೇಟಿಂಗ್ ವ್ಯವಸ್ಥೆ ಎಚ್ಚರದಲ್ಲಿ ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್‌ನಂತಹ ರಾಸಾಯನಿಕಗಳನ್ನು ಮೇಲಕ್ಕೆ ಒದಗಿಸುತ್ತಿರುತ್ತದೆ. ಆಗ ಥಲಾಮಸ್‌ನ ಕೋಶಗಳು ಸದಾ ಸಿದ್ಧವಾಗಿದ್ದು, ಕಣ್ಣು ಕಿವಿಗಳಿಂದ ಬಂದ ಸುದ್ದಿಯನ್ನು ಬಂದ ಹಾಗೆಯೇ ಮೆದುಳಿನ ಹೊರಪದರಕ್ಕೆ ದಾಟಿಸುತ್ತವೆ. ಈ ಪೂರೈಕೆ ತಗ್ಗಿದರೆ ಅದೇ ಕೋಶಗಳ ಒಳಗಿನ ವೋಲ್ಟೇಜ್ ಇನ್ನಷ್ಟು ಋಣಾತ್ಮಕವಾಗುತ್ತದೆ. ಅಲ್ಲಿಯವರೆಗೆ ನಿಷ್ಕ್ರಿಯವಾಗಿದ್ದ ಒಂದು ಬಗೆಯ ಕ್ಯಾಲ್ಸಿಯಂ ವಾಹಿನಿಗಳು ತೆರೆದುಕೊಳ್ಳಲು ಅಣಿಯಾಗುತ್ತವೆ. ಈಗ ಕೋಶ ಸುದ್ದಿ ದಾಟಿಸುವುದನ್ನು ಬಿಟ್ಟು, ಒಂದಿಷ್ಟು ಸಿಡಿದು, ಸುಮ್ಮನಾಗಿ, ಮತ್ತೆ ಸಿಡಿಯುತ್ತದೆ. ಥಲಾಮಸ್ಸನ್ನು ಸುತ್ತುವರಿದ ತೆಳುವಾದ ರೆಟಿಕ್ಯುಲರ್ ನ್ಯೂಕ್ಲಿಯಸ್ ಈ ಸಿಡಿತಗಳನ್ನು ಒಂದೇ ಲಯಕ್ಕೆ ತರುತ್ತದೆ. ಸ್ಪಿಂಡಲ್ ಹುಟ್ಟುವುದು ಹೀಗೆ. (ಹೆಸರು ಒಂದೇ ಬಗೆಯದಾದರೂ ಈ ನ್ಯೂಕ್ಲಿಯಸ್ ಮೆದುಳುಕಾಂಡದ ರೆಟಿಕ್ಯುಲರ್ ವ್ಯವಸ್ಥೆಯ ಭಾಗವಲ್ಲ; ವಿದ್ಯಾರ್ಥಿಗಳು ಇಲ್ಲಿ ತುಂಬಾ ಎಡವುತ್ತಾರೆ.) ಅತಿ ನಿಧಾನದ ಅಲೆಗಳಲ್ಲಿ ಹೊರಪದರದ ಪಾಲೂ ದೊಡ್ಡದು.

1949ರಲ್ಲಿ ವಿಜ್ಞಾನಿಗಳಾದ ಮೊರುಜ್ಜಿ ಮತ್ತು ಮಗೂನ್ ಲಘು ಅರಿವಳಿಕೆಯಲ್ಲಿದ್ದ ಬೆಕ್ಕಿನ ಮೆದುಳುಕಾಂಡದ ರೆಟಿಕ್ಯುಲರ್ ಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ದೊಡ್ಡ ಅಲೆಗಳು ಕುಗ್ಗಿ, ಎಚ್ಚರದಲ್ಲಿ ಕಾಣುವಂತಹ ಚಿಕ್ಕ, ವೇಗದ ಅಲೆಗಳು ಕಾಣಿಸಿಕೊಂಡವು.

ನಿಮ್ಮ ಎರಡನೆಯ ಪ್ರಶ್ನೆಗೆ ಬಂದರೆ, ಅಲೆಯ ಆಕಾರವೊಂದನ್ನೇ ನೋಡಿ ಹೇಳಲಾಗದು. ಒಮ್ಮೆ ಹೃದಯ ನಿಂತು ಮತ್ತೆ ಮಿಡಿದಿದ್ದ ರೋಗಿಯೊಬ್ಬರ ಇಇಜಿಯಲ್ಲಿ ಸೆಕೆಂಡಿಗೆ 9 ಬಾರಿ ಬರುವ ಅಚ್ಚುಕಟ್ಟಾದ ಅಲೆ ಬಂತು. ಜೊತೆಗಿದ್ದ ಹೊಸ ಹುಡುಗಿ "ಆಲ್ಫಾ ಇದೆ, ಎಚ್ಚರವಾಗುತ್ತಿದ್ದಾರೆ" ಎಂದು ಸಂತೋಷಪಟ್ಟಳು. ನನಗೆ ಅನುಮಾನ ಹುಟ್ಟಿತು, ಏಕೆಂದರೆ ಆ ಅಲೆ ತಲೆಯ ಹಿಂಭಾಗದಲ್ಲಿ ಮಾತ್ರವಿರದೆ ಇಡೀ ತಲೆಗೆ ಹರಡಿತ್ತು, ಮುಂಭಾಗದಲ್ಲೇ ಹೆಚ್ಚಾಗಿತ್ತು. ಕೈಯಿಂದ ಅವರ ರೆಪ್ಪೆ ತೆರೆದೆ. ಅಲೆ ಕದಲಲಿಲ್ಲ. ಕಿವಿಯ ಬಳಿ ಚಪ್ಪಾಳೆ ತಟ್ಟಿದೆ, ಹೆಸರು ಹಿಡಿದು ಕರೆದೆ, ಉಗುರಿನ ಮೇಲೆ ಒತ್ತಿದೆ. ಏನೂ ಬದಲಾಗಲಿಲ್ಲ. ಇದು ಆಲ್ಫಾ ಕೋಮಾ: ನೋಡಲು ಎಚ್ಚರದ ಅಲೆ, ಆದರೆ ಹೊರಗಿನ ಯಾವುದಕ್ಕೂ ಓಗೊಡದು. ಪ್ರತಿ ಪ್ರಚೋದನೆಯ ಸಮಯವನ್ನು ದಾಖಲೆಯಲ್ಲಿ ಗುರುತಿಸಿ, ಆವರೆಗೆ ಕೊಟ್ಟಿದ್ದ ನಿದ್ರಾಜನಕಗಳ ಹೆಸರನ್ನೂ ಬರೆದು ವೈದ್ಯರಿಗೆ ಒಪ್ಪಿಸಿದೆ. ಕೆಲವು ಔಷಧಗಳಿಂದಲೂ ಇಂಥದೇ ಚಿತ್ರ ಬರುತ್ತದೆ, ಆಗ ಚೇತರಿಕೆಯ ನಿರೀಕ್ಷೆಯೇ ಬೇರೆ.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ. ಮೆದುಳುಕಾಂಡದ ಪಾನ್ಸ್ ಎಂಬ ಭಾಗದ ಮುಂಬದಿಗಷ್ಟೇ ಪೆಟ್ಟಾದರೆ ಕೈಕಾಲು, ನಾಲಿಗೆ ಎಲ್ಲ ನಿಶ್ಚಲವಾಗುತ್ತವೆ. ಹಿಂಬದಿಯಲ್ಲಿರುವ ರೆಟಿಕ್ಯುಲರ್ ವ್ಯವಸ್ಥೆ ಉಳಿದಿರುವುದರಿಂದ ಪ್ರಜ್ಞೆ ಪೂರ್ತಿ ಇರುತ್ತದೆ. ಇವರ ಆಲ್ಫಾ ಸಾಮಾನ್ಯವಾಗಿ ತಲೆಯ ಹಿಂಭಾಗದಲ್ಲೇ ಇದ್ದು, ಕಣ್ಣು ತೆರೆದಾಗ ಕುಗ್ಗುತ್ತದೆ. ಅಲುಗಾಡದ ರೋಗಿಯ ದಾಖಲೆಯಲ್ಲಿ ಇದನ್ನು ಕಂಡಾಗಲೆಲ್ಲ ಯಂತ್ರ ನಿಲ್ಲಿಸುವ ಮೊದಲು ನಾನು ಅವರ ಮುಖದ ಹತ್ತಿರ ಬಗ್ಗಿ, "ನನ್ನ ಮಾತು ಕೇಳಿಸುತ್ತಿದ್ದರೆ ಮೇಲೆ ನೋಡಿ" ಎಂದು ನಿಧಾನವಾಗಿ ಹೇಳಿ ಕಾಯುತ್ತೇನೆ. ಕಣ್ಣನ್ನು ಮೇಲೆ ಕೆಳಗೆ ಆಡಿಸುವ ಶಕ್ತಿ ಅವರಲ್ಲಿ ಹೆಚ್ಚಾಗಿ ಉಳಿದಿರುತ್ತದೆ.